ದಿನಕ್ಕೆ ಎಷ್ಟು ಬಿತ್ತು? ದುಬಾರಿ ಶೂ, ಅಗ್ಗದ ಶೂ ಮತ್ತು ಒಂದು ವರ್ಷದ ಲೆಕ್ಕ

ಹಾಸನದ ಬಿ.ಎಂ. ರಸ್ತೆಯ ಚಪ್ಪಲಿ ಅಂಗಡಿಗಳಲ್ಲಿ 900 ರೂಪಾಯಿಯ ಕಪ್ಪು ಶೂ ಇರುವ ಗೋಡೆಯ ಮೇಲೆಯೇ 4,800 ರೂಪಾಯಿಯ ಕಪ್ಪು ಶೂ ಕೂಡ ಇರುತ್ತದೆ. ನಾಲ್ಕು ಹೆಜ್ಜೆ ದೂರ ನಿಂತು ನೋಡಿದರೆ ಎರಡೂ ಒಂದೇ. ದುಬಾರಿಯದನ್ನು ಕೈಗೆತ್ತಿಕೊಂಡವರಿಗೆ ಅಂಗಡಿಯವರು ಹೇಳುವ ಮಾತೂ ಹೆಚ್ಚುಕಡಿಮೆ ಒಂದೇ: "ಐದು ವರ್ಷ ತಿರುಗಿ ನೋಡೋ ಹಾಗಿಲ್ಲ ಸಾರ್. ದಿನಕ್ಕೆ ಮೂರು ರೂಪಾಯಿನೂ ಬೀಳಲ್ಲ." ಐದು ವರ್ಷಕ್ಕೆ 1,825 ದಿನ. 4,800ನ್ನು ಅದರಿಂದ ಭಾಗಿಸಿದರೆ 2 ರೂಪಾಯಿ 63 ಪೈಸೆ. ಭಾಗಾಕಾರದಲ್ಲಿ ತಪ್ಪಿಲ್ಲ. ತಪ್ಪಿರುವುದು ಭಾಗಿಸಿದ ಸಂಖ್ಯೆಯಲ್ಲಿ.

ಒಮ್ಮೆ ಹಾಕಿಕೊಳ್ಳುವುದಕ್ಕೆ ಎಷ್ಟು ಖರ್ಚು ಬಿತ್ತು ಅನ್ನುವ ಈ ಲೆಕ್ಕ ಸರಳ. ಕೊಂಡ ಬೆಲೆಗೆ ರಿಪೇರಿ, ಪಾಲಿಶ್ ಖರ್ಚು ಸೇರಿಸಬೇಕು, ಎಷ್ಟು ದಿನ ಹಾಕಿದೆವೋ ಅದರಿಂದ ಭಾಗಿಸಬೇಕು. ಮೇಲಿನ ಸಂಖ್ಯೆ ಬಿಲ್ಲಿನಲ್ಲಿ ಸಿಗುತ್ತದೆ. ಕೆಳಗಿನ ಸಂಖ್ಯೆ ಮಾತ್ರ ಕೊಳ್ಳುವ ಹೊತ್ತಿಗೆ ಯಾರಿಗೂ ಗೊತ್ತಿರುವುದಿಲ್ಲ. ಹಾಗಾಗಿ ಆಸೆ ಇದ್ದವರು ಅದನ್ನು ಹಿಗ್ಗಿಸುತ್ತಾರೆ, ಜಿಪುಣರು ಕುಗ್ಗಿಸುತ್ತಾರೆ, ಉತ್ತರ ತಮಗೆ ಬೇಕಾದಂತೆ ಬರುತ್ತದೆ. ದುಬಾರಿ ಶೂ ಎಷ್ಟು ದಿನ ಬಂದೀತು ಎಂದು ಊಹಿಸುವುದನ್ನು ಬಿಟ್ಟು, ಅಗ್ಗದ ಶೂ ಎಷ್ಟು ದಿನ ಬಂತು ಎಂದು ಅಳೆಯುವುದು ಹೆಚ್ಚು ಪ್ರಾಮಾಣಿಕ ದಾರಿ. ಅಗ್ಗದ್ದು ಈಗಾಗಲೇ ಹೆಚ್ಚಿನವರ ಕಾಲಲ್ಲಿದೆ. ಅದು ಕೈಕೊಟ್ಟ ದಿನ ಗೊತ್ತಾದರೆ, ದುಬಾರಿಯದು ಎಷ್ಟು ದಿನ ಬಾಳಲೇಬೇಕು ಅನ್ನುವುದು ತಾನಾಗಿ ಹೊರಬೀಳುತ್ತದೆ. ಅಂಗಡಿಯಲ್ಲಿ ಕೇಳಬೇಕಾದ ಪ್ರಶ್ನೆ ಆಮೇಲೆ ಒಂದೇ: ಈ ಶೂ ಅಷ್ಟು ದಿನ ಬಾಳುತ್ತದೆಯೇ?

ವರ್ಷದಲ್ಲಿ ಎಷ್ಟು ದಿನ

ಹಾಸನದ ಒಬ್ಬ ಸರ್ಕಾರಿ ಕಚೇರಿ ನೌಕರರನ್ನು ಇಟ್ಟುಕೊಂಡು ಲೆಕ್ಕ ಹಾಕೋಣ. ಭಾನುವಾರ, ಎರಡನೇ ಮತ್ತು ನಾಲ್ಕನೇ ಶನಿವಾರ, ಹಬ್ಬದ ರಜೆ, ಸಾಂದರ್ಭಿಕ ರಜೆ ಎಲ್ಲ ಕಳೆದರೆ ಶೂ ಹಾಕುವ ದಿನಗಳು ಸುಮಾರು 260 ಉಳಿಯುತ್ತವೆ. ಅಂಗಡಿಯವರ 365 ಅಲ್ಲೇ ಕರಗಿತು.

ಇನ್ನು ಮಳೆ. ಜೂನ್‌ನಿಂದ ಅಕ್ಟೋಬರ್ ನಡುವಿನವರೆಗೆ ಕಚೇರಿ ದಿನಗಳು ಸುಮಾರು 90. ಹಾಸನ ಪಟ್ಟಣದಲ್ಲಿ ಸಕಲೇಶಪುರದಷ್ಟು ಮಳೆ ಬರುವುದಿಲ್ಲ, ಅರಸೀಕೆರೆ ಕಡೆ ಇನ್ನೂ ಕಡಿಮೆ. ಆದರೂ ಜಿಟಿಜಿಟಿ ಹಿಡಿದ ವಾರಗಳಲ್ಲಿ ಒದ್ದೆಯಾದ ಶೂ ಮರುದಿನ ಬೆಳಿಗ್ಗೆಗೆ ಒಣಗುವುದಿಲ್ಲ ಅನ್ನುವುದು ಎಲ್ಲ ಕಡೆಯೂ ನಿಜ. ಚಿಕ್ಕಮಗಳೂರು ಜಿಲ್ಲೆಯೂ ಹಾಗೆಯೇ: ಕಡೂರಿನವರ ಲೆಕ್ಕ ಮೂಡಿಗೆರೆ, ಶೃಂಗೇರಿಯವರಿಗೆ ಹೊಂದುವುದಿಲ್ಲ. ಈ 90 ದಿನಗಳನ್ನು ಬೇರೆ ಇಡಬೇಕು. ಬೇರೆ ಇಡದಿದ್ದರೆ ಏನಾಗುತ್ತದೆ ಎಂದು ನೋಡಿದರೆ, ಇಡೀ ಲೆಕ್ಕದಲ್ಲಿ ಅತಿ ಹೆಚ್ಚು ಹಣ ಉಳಿಯುವ ಜಾಗ ಇದೇ ಎಂದು ತಿಳಿಯುತ್ತದೆ.

900 ರೂಪಾಯಿಯ ಶೂ, ಅದರ ಅಂಚಿಗೆ ಹೊಲಿಗೆ ಹಾಕಿಸಲು 120 ರೂಪಾಯಿ, ಒಟ್ಟು 1,020 ಎಂದಿಟ್ಟುಕೊಳ್ಳಿ. ಬೇಸಿಗೆ, ಚಳಿಗಾಲದಲ್ಲಿ ಅದು 170 ದಿನ ಬಂದರೆ ದಿನಕ್ಕೆ 6 ರೂಪಾಯಿ. ಅದೇ ಶೂ ಮಳೆಗಾಲದಲ್ಲಿ ದಿನವೂ ನೆನೆದು 70 ದಿನಕ್ಕೇ ಬಾಯಿ ಬಿಟ್ಟರೆ ದಿನಕ್ಕೆ 14 ರೂಪಾಯಿ 57 ಪೈಸೆ. ಪೂರ್ತಿ ಪ್ಲಾಸ್ಟಿಕ್ಕಿನ ಮಳೆಗಾಲದ ಜೋಡಿ 500 ರೂಪಾಯಿಗೆ ಸಿಕ್ಕಿ ಎರಡು ಮಳೆಗಾಲ, ಅಂದರೆ 180 ದಿನ ಬಂದರೆ ದಿನಕ್ಕೆ 2 ರೂಪಾಯಿ 78 ಪೈಸೆ. ಹೀಗೆ 90 ದಿನದಲ್ಲಿ ಸುಮಾರು 1,060 ರೂಪಾಯಿ ಉಳಿಯಿತು. ಹೊಸ ಶೂ ಒಂದರ ಬೆಲೆಗಿಂತ ಹೆಚ್ಚು! ಚರ್ಮದ ಶೂ ಕೊಳ್ಳಬೇಕೋ ರೆಕ್ಸಿನ್ ಶೂ ಕೊಳ್ಳಬೇಕೋ ಎಂದು ತಲೆ ಕೆಡಿಸಿಕೊಳ್ಳುವ ಮೊದಲು ಮಳೆಗಾಲದ ಜೋಡಿಯೊಂದನ್ನು ತಂದಿಡುವುದು ಒಳ್ಳೆಯದು. ಅಂಟು, ಹೊಲಿಗೆ ಯಾವುದೂ ಇಲ್ಲದೆ ಒಂದೇ ಅಚ್ಚಿನಲ್ಲಿ ಎರಕವಾಗಿ ಬಂದದ್ದಾದರೆ ನೀರು ಹೊಕ್ಕು ಬಿಡಿಸುವ ಸಂದೇ ಅದರಲ್ಲಿ ಇರುವುದಿಲ್ಲ. ಕಚೇರಿಗೆ ಹೊಂದುವ ಕಪ್ಪು ಬಣ್ಣದವೂ ಸಿಗುತ್ತವೆ. ಅಡಿಯ ಗೆರೆಗಳು ಆಳವಾಗಿವೆಯೇ ಎಂದು ಮಾತ್ರ ನೋಡಿ ತನ್ನಿ. ಒದ್ದೆ ಗ್ರಾನೈಟ್ ಮೆಟ್ಟಿಲ ಮೇಲೆ ನುಣುಪು ಪ್ಲಾಸ್ಟಿಕ್ ಜಾರುತ್ತದೆ.

ನಮ್ಮ ನೌಕರರ ನಿಜವಾದ ಶೂಗೆ ಹೀಗೆ ಉಳಿದದ್ದು ವರ್ಷಕ್ಕೆ 170 ದಿನ.

ಅಗ್ಗದ ಶೂವಿನ ಆಯಸ್ಸು ಅಳೆಯುವುದು

ಇದಕ್ಕೆ ಬೇಕಾದದ್ದು ಒಂದು ಮಾರ್ಕರ್ ಪೆನ್ನು. ಹೊಸ ಶೂ ತಂದ ದಿನ ಒಳಗಿನ ಮೆತ್ತೆಯನ್ನು ಎತ್ತಿ ಅದರ ಅಡಿಯಲ್ಲಿ ತಾರೀಖು ಮತ್ತು ಬೆಲೆ ಬರೆದಿಡಿ. ರಿಪೇರಿ ಮಾಡಿಸಿದಾಗಲೆಲ್ಲ ಅಲ್ಲೇ ಕೆಳಗೆ ದಿನ, ಮೊತ್ತ ಸೇರಿಸಿ. ಎಸೆಯುವ ದಿನ ಹಾಜರಿ ಪುಸ್ತಕ ನೋಡಿ ಕಚೇರಿಗೆ ಹೋದ ದಿನಗಳನ್ನು ಎಣಿಸಿದರೆ ಸಾಕು. ಎಸೆಯುವ ದಿನ ಯಾವುದು ಎಂಬುದನ್ನು ಮೊದಲೇ ತೀರ್ಮಾನಿಸಿಕೊಂಡಿರಬೇಕು. ಅಡಿ ತೂತಾದದ್ದೇ ಕೊನೆಯಲ್ಲ. ಮೇಲಧಿಕಾರಿಯ ಮುಂದೆ ಹಾಕಿಕೊಂಡು ನಿಲ್ಲಲು ಹಿಂಜರಿಕೆಯಾದ ದಿನವೇ ಕೊನೆ. ಆಮೇಲೆ ಅದು ತೋಟಕ್ಕೋ ಹಿತ್ತಲಿಗೋ ಹೋದರೆ ಆ ದಿನಗಳನ್ನು ಇದಕ್ಕೆ ಸೇರಿಸುವಂತಿಲ್ಲ. ಅಲ್ಲಿಗೆ ಹವಾಯಿ ಚಪ್ಪಲಿಯೂ ಸಾಕಾಗುತ್ತಿತ್ತು.

ದಿನದ ಜೊತೆಗೆ, ಎಷ್ಟು ನಡೆಯುತ್ತೀರಿ ಎಂಬ ಅಂದಾಜೂ ಇರಲಿ. ಶೂ ಸವೆಯುವುದು ದಿನದಿಂದಲ್ಲ, ಹೆಜ್ಜೆಯಿಂದ. ದಿನಕ್ಕೆ 2 ಕಿಲೋಮೀಟರ್ ನಡೆಯುವ ನೌಕರರ ಶೂ 170 ದಿನದಲ್ಲಿ 340 ಕಿಲೋಮೀಟರ್ ನಡೆದಿರುತ್ತದೆ. ಹೆಜ್ಜೆಗೆ 70 ಸೆಂಟಿಮೀಟರ್ ಎಂದರೂ ಒಂದೊಂದು ಶೂ ಎರಡೂವರೆ ಲಕ್ಷದಷ್ಟು ಸಲ ಬಾಗಿ ನೆಟ್ಟಗಾಗಿರುತ್ತದೆ. ಈ ಬಾಗುವಿಕೆಯೇ ಅಗ್ಗದ ಶೂವಿನ ಶತ್ರು.

ಎಲ್ಲಿ ಮೊದಲು ಹೋಯಿತು ಎಂಬುದನ್ನೂ ಗಮನಿಸಿ, ಏಕೆಂದರೆ ಮುಂದಿನ ಶೂವಿನಲ್ಲಿ ಏನು ನೋಡಬೇಕೆಂದು ಅದು ಹೇಳುತ್ತದೆ. ಅಗ್ಗದ ಶೂಗಳಲ್ಲಿ ಸಾಮಾನ್ಯವಾಗಿ ಮೊದಲು ಹೋಗುವುದು ಹೆಬ್ಬೆರಳ ಬುಡದ ಪಕ್ಕ, ಅಂದರೆ ಶೂ ಮಡಚುವ ಗೆರೆಯಲ್ಲಿ. ಅಲ್ಲಿ ಅಟ್ಟೆ ಮತ್ತು ಮೇಲ್ಭಾಗ ಬಿಟ್ಟುಕೊಳ್ಳುತ್ತವೆ. ಅಟ್ಟೆಯನ್ನು ಬರೀ ಅಂಟಿನಿಂದ ಹಿಡಿಸಿರುತ್ತಾರೆ. ಅಂಟು ಹಚ್ಚುವ ಮೊದಲು ಎರಡೂ ಮೈಗಳನ್ನು ಚೆನ್ನಾಗಿ ಉಜ್ಜಿ ಒರಟು ಮಾಡದಿದ್ದರೆ ಅದು ಕಚ್ಚುವುದಿಲ್ಲ. ಅಟ್ಟೆ ಪಿವಿಸಿಯದಾದರೆ ಅದನ್ನು ಮೆತ್ತಗಿಡಲು ಸೇರಿಸಿದ ಎಣ್ಣೆಯಂಥ ವಸ್ತು ನಿಧಾನವಾಗಿ ಹೊರಗೆ ಬಂದು ಅಂಟನ್ನು ಸಡಿಲಿಸುತ್ತದೆ. ಮಳೆ ನೀರು ಉಳಿದ ಕೆಲಸ ಮುಗಿಸುತ್ತದೆ.

ಆ ಬಿರುಕು ಅರ್ಧ ಸೆಂಟಿಮೀಟರ್ ಇದ್ದಾಗಲೇ ಬಸ್ ನಿಲ್ದಾಣದ ಬಳಿ ಶೂ ರಿಪೇರಿ ಮಾಡುವವರ ಹತ್ತಿರ ಕೊಟ್ಟು ಸುತ್ತಲೂ ಹೊಲಿಸಿದರೆ ಉಳಿಯುತ್ತದೆ. ಮನೆಯಲ್ಲೇ ಕ್ಷಣದಲ್ಲಿ ಹಿಡಿಯುವ ಗಮ್ ಹಾಕುವುದು ಬೇಡ. ಅದು ಒಣಗಿ ಗಾಜಿನಂತೆ ಗಡುಸಾಗುತ್ತದೆ, ಮಡಚುವ ಜಾಗದಲ್ಲಿ ಎರಡು ದಿನಕ್ಕೆ ಪುಡಿಯಾಗುತ್ತದೆ. ಆಮೇಲೆ ಸಲ್ಯೂಷನ್ ಹಾಕಿದರೂ ಆ ಪದರದ ಮೇಲೆ ಹಿಡಿಯುವುದಿಲ್ಲ. ಹೊಲಿಗೆ ಇಲ್ಲದೆ 130 ದಿನ ಬರುತ್ತಿದ್ದ ಶೂ 120 ರೂಪಾಯಿಯ ಹೊಲಿಗೆಯಿಂದ 170 ದಿನ ಬಂದರೆ, ಆ ಹೆಚ್ಚಿನ 40 ದಿನ ದಿನಕ್ಕೆ 3 ರೂಪಾಯಿಗೆ ಸಿಕ್ಕಂತಾಯಿತು. ಹೊಲಿಗೆ ಇಲ್ಲದೆ ದಿನಕ್ಕೆ 6 ರೂಪಾಯಿ 92 ಪೈಸೆ ಬೀಳುತ್ತಿದ್ದದ್ದು 6ಕ್ಕೆ ಇಳಿಯಿತು.

ಹೊಲಿಗೆಯಿಂದ ಉಳಿಯದ ರೋಗಗಳೂ ಇವೆ. ರೆಕ್ಸಿನ್ ಅಂದರೆ ಬಟ್ಟೆಯ ಮೇಲೆ ಎಳೆದ ತೆಳು ಪ್ಲಾಸ್ಟಿಕ್ ಪದರ. ಅದು ಮಡಿಕೆಯಲ್ಲಿ ಸಿಪ್ಪೆ ಏಳಲು ಶುರುವಾದರೆ ಯಾವ ಪಾಲಿಶ್ಶೂ ಮುಚ್ಚುವುದಿಲ್ಲ. ಬೈಕ್ ಓಡಿಸುವವರ ಎಡಗಾಲಿನ ಶೂ ಮಾತ್ರ ಮೊದಲೇ ಹೋಗುತ್ತದೆ, ಗೇರ್ ಲಿವರ್ ತಾಗುವ ಕಡೆ ಪದರ ಹರಿದು ಬಟ್ಟೆ ಕಾಣುತ್ತದೆ. ಲಿವರ್‌ಗೆ ಹಾಕುವ ಮೆತ್ತನೆ ರಬ್ಬರ್ ಕವಚ ಬಹಳ ಅಗ್ಗ. ಅದೊಂದರಿಂದಲೇ ಶೂವಿನ ಆಯಸ್ಸು ತಿಂಗಳುಗಟ್ಟಲೆ ಏರಬಹುದು. ಬಲಗಾಲಿನದು ಹೊಸದರಂತಿದ್ದು ಎಡಗಾಲಿನದು ಸವೆದಿದ್ದರೆ ಶೂವನ್ನು ಬೈದು ಪ್ರಯೋಜನವಿಲ್ಲ. 4,800ರ ಶೂಗೂ ಅದೇ ಗತಿಯಾಗುತ್ತದೆ.

ದುಬಾರಿಯದು ಎಷ್ಟು ದಿನ ಬಾಳಬೇಕು

ಈಗ ಮುಖ್ಯ ಲೆಕ್ಕ. ಅಗ್ಗದ ಶೂ ದಿನಕ್ಕೆ 6 ರೂಪಾಯಿ. ದುಬಾರಿ ಚರ್ಮದ ಶೂಗೆ ಪಾಲಿಶ್, ಕ್ರೀಮ್ ಎಂದು ವರ್ಷಕ್ಕೆ 250, ಹಿಮ್ಮಡಿಯ ರಬ್ಬರ್ ಒಮ್ಮೆ ಬದಲಿಸಲು 150, ಒಟ್ಟು 400. ಅದನ್ನು 170 ದಿನಕ್ಕೆ ಹಂಚಿದರೆ ದಿನಕ್ಕೆ 2 ರೂಪಾಯಿ 35 ಪೈಸೆ. ಈ ಖರ್ಚು ಶೂ ಎಷ್ಟು ವರ್ಷ ಬಂದರೂ ಜೊತೆಗೇ ಬರುತ್ತದೆ, ವರ್ಷ ಹೆಚ್ಚಾದಷ್ಟೂ ಕಡಿಮೆಯಾಗುವುದಿಲ್ಲ. ಅಂಗಡಿಯವರ 2.63ರಲ್ಲಿ ಇದು ಇರಲೇ ಇಲ್ಲ. ಆದ್ದರಿಂದ ದುಬಾರಿ ಶೂ ಹಾಕಿದ ಒಂದೊಂದು ದಿನವೂ ನಿಜಕ್ಕೂ ಉಳಿಸುವುದು 6ರಲ್ಲಿ 2.35 ಕಳೆದ 3 ರೂಪಾಯಿ 65 ಪೈಸೆ ಮಾತ್ರ. 4,800 ರೂಪಾಯಿ ಆ ಉಳಿತಾಯದಿಂದಲೇ ತೀರಬೇಕು.

```
ಬಾಳಬೇಕಾದ ದಿನ = ಬೆಲೆ ÷ (ಅಗ್ಗದ ಶೂವಿನ ದಿನದ ಖರ್ಚು − ದುಬಾರಿ ಶೂವಿನ ದಿನದ ಆರೈಕೆ ಖರ್ಚು)
4800 ÷ (6.00 − 2.35) = 1315
```

1,315 ದಿನ ಅಂದರೆ ವರ್ಷಕ್ಕೆ 170ರಂತೆ ಏಳೂಮುಕ್ಕಾಲು ವರ್ಷ. ಅಷ್ಟರಲ್ಲಿ ಅಟ್ಟೆ ಒಮ್ಮೆಯಾದರೂ ಬದಲಿಸಬೇಕಾಗುತ್ತದೆ, ಆ ಖರ್ಚು ಸೇರಿದರೆ ಗುರಿ ಇನ್ನೂ ದೂರ ಹೋಗುತ್ತದೆ. ಕಚೇರಿಯಲ್ಲಿ ಕೂತು ಕೆಲಸ ಮಾಡುವ, ಕಡಿಮೆ ನಡೆಯುವ, ಮಳೆಗಾಲಕ್ಕೆ ಬೇರೆ ಜೋಡಿ ಇಟ್ಟುಕೊಂಡಿರುವ ಮನುಷ್ಯನಿಗೆ ದುಬಾರಿ ಶೂ ರೂಪಾಯಿ ಲೆಕ್ಕದಲ್ಲಿ ಒಂದು ವರ್ಷದಲ್ಲಂತೂ ಇಲ್ಲ, ಐದು ವರ್ಷದಲ್ಲೂ ಗೆಲ್ಲುವುದಿಲ್ಲ. "ಅಗ್ಗದ್ದು ಕೊಂಡರೆ ಎರಡು ಸಲ ಕೊಳ್ಳಬೇಕು" ಎಂದು ಹೇಳುವವರು ಎರಡು ಸಲ ಕೊಂಡರೂ ಬೆಲೆ ಅರ್ಧಕ್ಕೂ ಬರುವುದಿಲ್ಲ ಎಂಬುದನ್ನು ಮರೆಯುತ್ತಾರೆ.

ಹಾಗೆಂದು ಅವರು ಕೊಳ್ಳಬಾರದು ಎಂದೇನಲ್ಲ. ಆ ಶೂ ನಾಲ್ಕು ವರ್ಷ, 680 ದಿನ ಬಂದರೆ ದಿನಕ್ಕೆ 7.06 ಮತ್ತು 2.35 ಸೇರಿ 9 ರೂಪಾಯಿ 41 ಪೈಸೆ. ಅಗ್ಗದ್ದಕ್ಕಿಂತ 3 ರೂಪಾಯಿ 41 ಪೈಸೆ ಹೆಚ್ಚು, ವರ್ಷಕ್ಕೆ 580 ರೂಪಾಯಿ. ಬೆವರದ ಕಾಲು, ಹಿಮ್ಮಡಿ ಉಜ್ಜದ ಒಳಪದರ, ನೋಡಲು ಒಂದು ಗತ್ತು ಇವಕ್ಕೆ ವರ್ಷಕ್ಕೆ 580 ರೂಪಾಯಿ ಕೊಡಬಹುದೇ ಎಂದು ಕೇಳಿಕೊಂಡರೆ ಹಲವರು ಕೊಡಬಹುದು ಎಂದೇ ಹೇಳುತ್ತಾರೆ, ನನ್ನ ಮತವೂ ಅದೇ. ಆದರೆ ಅದು ಸುಖಕ್ಕೆ ಕೊಡುವ ದುಡ್ಡು. ಉಳಿತಾಯ ಎಂದು ಮನೆಯಲ್ಲಿ ಹೇಳಬಾರದು, ಅಷ್ಟೇ.

ಹೆಚ್ಚು ನಡೆಯುವವರ ಲೆಕ್ಕ ತಿರುಗುತ್ತದೆ

ಚಿಕ್ಕಮಗಳೂರಿನಲ್ಲಿ ಔಷಧ ಕಂಪನಿಯ ಪ್ರತಿನಿಧಿಯಾಗಿರುವವರು ಎಂ.ಜಿ. ರಸ್ತೆಯಿಂದ ಐ.ಜಿ. ರಸ್ತೆಗೆ, ಒಂದು ಕ್ಲಿನಿಕ್‌ನಿಂದ ಇನ್ನೊಂದಕ್ಕೆ, ಆಸ್ಪತ್ರೆಯ ಮೆಟ್ಟಿಲುಗಳಲ್ಲಿ ದಿನಕ್ಕೆ 6 ಕಿಲೋಮೀಟರ್ ನಡೆಯುತ್ತಾರೆ ಎಂದಿಟ್ಟುಕೊಳ್ಳೋಣ. ಅವರ ರಜೆ ಕಡಿಮೆ. ಮಳೆಗಾಲ ಬಿಟ್ಟು 190 ದಿನ ಶೂ ಬೇಕು. ಅದೇ 1,020 ರೂಪಾಯಿಯ ಹೊಲಿಸಿದ ಶೂ ಅವರ ಕಾಲಲ್ಲಿ 60 ದಿನಕ್ಕೆ ಮುಗಿಯುತ್ತದೆ. ಕಿಲೋಮೀಟರ್ ನೋಡಿ: 360. ಹಾಸನದ ನೌಕರರದು 340. ಶೂ ಎರಡೂ ಕಡೆ ಒಂದೇ ಥರ ಬಾಳಿದೆ, ದಿನಗಳು ಮಾತ್ರ ಬೇರೆ. ದಿನದ ಖರ್ಚು ಈಗ 6 ಅಲ್ಲ, 17 ರೂಪಾಯಿ.

ದುಬಾರಿ ಶೂವಿನ ಆರೈಕೆಯೂ ಇವರಿಗೆ ಹೆಚ್ಚು: ಪಾಲಿಶ್‌ಗೆ 350, ಹಿಮ್ಮಡಿ ರಬ್ಬರ್ ವರ್ಷಕ್ಕೆ ಮೂರು ಸಲ 450, ಒಟ್ಟು 800, ದಿನಕ್ಕೆ 4 ರೂಪಾಯಿ 21 ಪೈಸೆ. ಹಾಗಿದ್ದೂ ದಿನದ ಉಳಿತಾಯ 12 ರೂಪಾಯಿ 79 ಪೈಸೆ. ಇಷ್ಟು ನಡೆದರೆ ಅಟ್ಟೆ ಒಮ್ಮೆ ಬದಲಿಸಲೇಬೇಕು ಎಂದು 900 ಸೇರಿಸಿದರೂ 5,700ನ್ನು 12.79ರಿಂದ ಭಾಗಿಸಿದಾಗ 446 ದಿನ ಬರುತ್ತದೆ. ಎರಡು ವರ್ಷ ದಾಟಿ ನಾಲ್ಕು ತಿಂಗಳು. ಮೇಲ್ಭಾಗ ಒಳ್ಳೆಯ ಚರ್ಮದ್ದಾಗಿದ್ದರೆ ಇದು ಆಗುವ ಮಾತು.

ಆದರೆ ತಲೆಬರಹದಲ್ಲಿ ಹೇಳಿದ್ದು ಒಂದು ವರ್ಷದ ಲೆಕ್ಕ. ಒಂದೇ ವರ್ಷವನ್ನು ಕತ್ತರಿಸಿ ನೋಡಿದರೆ ದುಬಾರಿಯದಕ್ಕೆ 4,800 ಮತ್ತು 800 ಸೇರಿ 5,600 ರೂಪಾಯಿ ಜೇಬಿನಿಂದ ಹೋಗಿರುತ್ತದೆ. ಅಗ್ಗದ್ದು 190 ದಿನಕ್ಕೆ ಮೂರು ಜೋಡಿ ಸಾಲುವುದಿಲ್ಲ, ನಾಲ್ಕು ಬೇಕು, 4,080 ರೂಪಾಯಿ. ನಾಲ್ಕನೆಯದರಲ್ಲಿ ಇನ್ನೂ 50 ದಿನದ ಬಾಳಿಕೆ ಉಳಿದಿರುತ್ತದೆ, ಅದರ ಬೆಲೆ 850. ಅದನ್ನು ಕಳೆದರೆ ನಿಜವಾಗಿ ಸವೆದದ್ದು 3,230. ವರ್ಷದ ಕೊನೆಯಲ್ಲಿ ಹೀಗೆ ಉಳಿದ ಬಾಳಿಕೆಯನ್ನು ಎರಡೂ ಕಡೆ ಲೆಕ್ಕಕ್ಕೆ ಹಿಡಿಯಬೇಕು. ದುಬಾರಿಯದರಲ್ಲಿ ಉಳಿದಿರುವುದು ದೊಡ್ಡ ಮೊತ್ತ, ಆದರೆ ಅದು ಮುಂದೆ ನಿಜವಾಗಿ ಹಾಕಿದರೆ ಮಾತ್ರ ಹಣ. ಕೆಲಸ ಬದಲಾಗಿ ಶೂ ಮೂಲೆ ಸೇರಿದರೆ ಸೊನ್ನೆ.

ಆದ್ದರಿಂದ ವರ್ಷದ ಮಟ್ಟಿಗೆ ಲೆಕ್ಕವನ್ನು ತಿರುವಿ ಹಾಕುವುದು ಹೆಚ್ಚು ಉಪಯೋಗಕ್ಕೆ ಬರುತ್ತದೆ. ಒಂದೇ ವರ್ಷದಲ್ಲಿ ದುಡ್ಡು ತೀರಬೇಕಾದರೆ ಎಷ್ಟರವರೆಗೆ ಕೊಡಬಹುದು? 190 ದಿನವನ್ನು 12.79ರಿಂದ ಗುಣಿಸಿ: 2,430 ರೂಪಾಯಿ. ಆ ಬೆಲೆಯ ಶೂ 190 ದಿನ, ಅಂದರೆ 1,140 ಕಿಲೋಮೀಟರ್ ನಡೆದರೆ ವರ್ಷ ಮುಗಿಯುವ ದಿನಕ್ಕೆ ಲೆಕ್ಕ ಸಮ. ಅದರ ಮೇಲೆ ಬಂದ ಒಂದೊಂದು ದಿನವೂ ಲಾಭ. ಹಾಸನದ ನೌಕರರಿಗೆ ಇದೇ ಗುಣಾಕಾರ ಮಾಡಿದರೆ ಒಂದು ವರ್ಷಕ್ಕೆ 620, ಎರಡು ವರ್ಷಕ್ಕೆ 1,240, ಮೂರು ವರ್ಷಕ್ಕೆ 1,860 ರೂಪಾಯಿ. ಅಂದರೆ ಅವರು ಮೂರು ವರ್ಷ ಬರುವ ಭರವಸೆ ಇದ್ದರೆ 1,860ರವರೆಗೆ ಹೋಗಬಹುದು. ನಿಮ್ಮ ಅಂಕಿಗಳು ಬೇರೆ ಇರುತ್ತವೆ, ಸೂತ್ರ ಬದಲಾಗುವುದಿಲ್ಲ.

ಅಂಗಡಿಯಲ್ಲಿ ಕೈಯಾಡಿಸಿ ನೋಡುವುದು

ಬಾಳಬೇಕಾದ ದಿನ ಗೊತ್ತಾದ ಮೇಲೆ ಆ ಶೂಗೆ ಅಷ್ಟು ಶಕ್ತಿ ಇದೆಯೇ ಎಂದು ನೋಡಬೇಕು. ಬೆಲೆಯೊಂದೇ ಅದನ್ನು ಹೇಳುವುದಿಲ್ಲ. 4,800ರ ಶೂವಿನ ಅಟ್ಟೆಯನ್ನೂ ಬರೀ ಅಂಟಿನಲ್ಲಿ ಹಿಡಿಸಿರಬಹುದು.

ಮೊದಲು ಹೊಲಿಗೆ. ಅಟ್ಟೆಯ ಅಂಚಿನಲ್ಲಿ ದಾರ ಕಂಡರೆ ನಂಬಿಬಿಡಬೇಡಿ. ಅಚ್ಚಿನಲ್ಲೇ ಹೊಲಿಗೆಯ ಆಕಾರ ಮೂಡಿಸಿರುತ್ತಾರೆ, ಅಥವಾ ದಾರವನ್ನು ಅಟ್ಟೆಗೆ ಮಾತ್ರ ಹೊಲಿದಿರುತ್ತಾರೆ. ಉಗುರಿನಿಂದ ದಾರವನ್ನು ಮೀಟಿ ನೋಡಿ, ಆಮೇಲೆ ಒಳಗಿನ ಮೆತ್ತೆ ಎತ್ತಿ ನೋಡಿ. ಪಕ್ಕದಿಂದ ಒಳಕ್ಕೆ ಹೊಲಿದಿದ್ದರೆ ಅದೇ ಸಾಲು ಒಳಗೂ ಕಾಣುತ್ತದೆ. ಗುಡ್‌ಇಯರ್ ವೆಲ್ಟ್ ಎಂಬ ದುಬಾರಿ ವಿಧಾನದಲ್ಲಿ ಮಾತ್ರ ಒಳಗೆ ಹೊಲಿಗೆ ಕಾಣುವುದಿಲ್ಲ. ಅದರಲ್ಲಿ ಮೇಲ್ಭಾಗದ ಸುತ್ತ ಒಂದು ಚರ್ಮದ ಪಟ್ಟಿ ಇರುತ್ತದೆ, ಅಟ್ಟೆಯನ್ನು ಆ ಪಟ್ಟಿಗೆ ಹೊಲಿದಿರುತ್ತಾರೆ. ಅಟ್ಟೆ ಸವೆದಾಗ ಮೇಲ್ಭಾಗ ಮುಟ್ಟದೆ ಅದನ್ನಷ್ಟೇ ಬಿಚ್ಚಿ ಬದಲಿಸಬಹುದು. ಆದರೆ ಅದಕ್ಕೆ ಬೇಕಾದ ಯಂತ್ರ ರಸ್ತೆಬದಿಯ ರಿಪೇರಿಯವರ ಬಳಿ ಇರುವುದಿಲ್ಲ. ಬೆಂಗಳೂರಿಗೆ ಕಳಿಸಬೇಕಾದರೆ ಹೋಗಿಬರುವ ಪಾರ್ಸೆಲ್ ಖರ್ಚನ್ನೂ ಅಟ್ಟೆ ಬದಲಿಸುವ 900ರ ಮೇಲೆ ಸೇರಿಸಿಕೊಳ್ಳಬೇಕು. ಊರಿನಲ್ಲೇ ರಬ್ಬರ್ ಅಟ್ಟೆ ಕತ್ತರಿಸಿ ಅಂಟಿಸಿ ಹೊಲಿದು ಕೊಡುವವರಿದ್ದರೆ ಕೊಳ್ಳುವ ಮೊದಲೇ ಕೇಳಿಟ್ಟುಕೊಳ್ಳಿ.

ಎರಡನೆಯದು ಅಟ್ಟೆಯ ವಸ್ತು. ಹಗುರವಾಗಿ, ಹತ್ತಿಯಂತೆ ಮೆತ್ತಗೆ ಅನ್ನಿಸುವ ಪಿಯು, ಅಂದರೆ ಪಾಲಿಯುರೆಥೇನ್ ಅಟ್ಟೆ ಹಾಕಿ ನೋಡಿದಾಗ ಬಹಳ ಹಿತ. ಅದರ ದೋಷ ಎಂದರೆ ಗಾಳಿಯ ತೇವವೇ ಅದನ್ನು ಒಳಗಿಂದ ಒಡೆಯುತ್ತದೆ. ಹಾಕದೆ ಡಬ್ಬಿಯಲ್ಲಿಟ್ಟರೂ ಕೆಲವು ವರ್ಷಕ್ಕೆ ಅಂಟಂಟಾಗಿ, ಆಮೇಲೆ ಪುಡಿಪುಡಿಯಾಗಿ ಉದುರುತ್ತದೆ. ಮದುವೆ ಮುಂಜಿಗೆ ಮಾತ್ರ ಎಂದು ಎತ್ತಿಟ್ಟ ಶೂ ಛತ್ರದ ಮೆಟ್ಟಿಲಲ್ಲಿ ಅಡಿ ಕಳಚುವುದು ಹೀಗೆ. ಅದರ ಆಯಸ್ಸು ಹೆಜ್ಜೆಯಿಂದಲ್ಲ, ಕ್ಯಾಲೆಂಡರ್‌ನಿಂದ ಮುಗಿಯುತ್ತದೆ. ವರ್ಷಕ್ಕೆ 15 ಸಲ ಹಾಕುವ ಶೂ ನಾಲ್ಕು ವರ್ಷಕ್ಕೆ ಪುಡಿಯಾದರೆ 60 ಸಲವಷ್ಟೇ ಆಯಿತು. ಅದಕ್ಕೆ 4,800 ಕೊಟ್ಟಿದ್ದರೆ ಒಂದು ಸಲಕ್ಕೆ 80 ರೂಪಾಯಿ! ಅಪರೂಪಕ್ಕೆ ಹಾಕುವ ಶೂಗೂ ಮಲೆನಾಡಿನ ಕಡೆ ಇರುವವರಿಗೂ ರಬ್ಬರ್ ಅಟ್ಟೆಯೇ ಮೇಲು. ಡಬ್ಬಿಯ ಮೇಲೆ ತಯಾರಾದ ತಿಂಗಳು ಇರುತ್ತದೆ. ಭಾರಿ ರಿಯಾಯಿತಿಯಲ್ಲಿ ಬಂದ ಪಿಯು ಅಟ್ಟೆಯ ಶೂ ಆದರೆ ಅದನ್ನು ಓದದೆ ಕೊಳ್ಳಬೇಡಿ.

ಮೂರನೆಯದು ಚರ್ಮ. ನಾಲಿಗೆಯ ಅಂಚು ಅಥವಾ ಲೇಸ್ ತೂತಿನ ಒಳಬದಿಯಲ್ಲಿ ಕತ್ತರಿಸಿದ ಮೈ ಕಂಡರೆ ನೋಡಿ. ಚರ್ಮವಾದರೆ ನಾರುನಾರಾಗಿರುತ್ತದೆ, ರೆಕ್ಸಿನ್ನಾದರೆ ಬಟ್ಟೆಯ ನೇಯ್ಗೆ ಕಾಣುತ್ತದೆ. ಹೆಬ್ಬೆರಳಿನಿಂದ ಒತ್ತಿದಾಗ ಸಣ್ಣ ಸುಕ್ಕುಗಳ ಬಲೆ ಎದ್ದು ಮಾಯವಾದರೆ ಒಳ್ಳೆಯ ಚರ್ಮ. ಒಂದೇ ದಪ್ಪ ಮಡಿಕೆ ಬಿದ್ದರೆ ಮೇಲೆ ದಪ್ಪ ಬಣ್ಣದ ಪದರ ಇದೆ ಎಂದರ್ಥ, ಮುಂದೆ ಬಿರಿಯುವುದು ಆ ಪದರವೇ. ಕೆಲವು ಶೂಗಳಲ್ಲಿ ಸಣ್ಣ ಚಿತ್ರಗಳಿರುತ್ತವೆ: ಹರಡಿದ ತೊಗಲಿನ ಆಕಾರ ಎಂದರೆ ಚರ್ಮ, ಬರೀ ವಜ್ರಾಕೃತಿ ಎಂದರೆ ಬೇರೆ ವಸ್ತು. ಮೂಗನ್ನು ನಂಬಬೇಡಿ, ಚರ್ಮದ ವಾಸನೆಯನ್ನು ರೆಕ್ಸಿನ್‌ಗೂ ಹಾಕಬಹುದು.

ಕೊಂಡ ಮೇಲೆ ಚರ್ಮದ ಶೂವನ್ನು ಕೊಲ್ಲುವುದು ಹೆಚ್ಚಾಗಿ ಬಚ್ಚಲ ಒಲೆ. ಒದ್ದೆಯಾದದ್ದನ್ನು ಬೇಗ ಒಣಗಲಿ ಎಂದು ಒಲೆಯ ಬಾಯಿಗೆ ಹತ್ತಿರ ಇಟ್ಟರೆ ನೀರು ತುಂಬಿದ ಚರ್ಮ ಬಿಸಿಗೆ ಮುರುಟಿ ಗಡುಸಾಗುತ್ತದೆ, ಅಂಟೂ ಮೆತ್ತಗಾಗಿ ಬಿಡುತ್ತದೆ. ಅದರ ಬದಲು ಮೆತ್ತೆ, ಲೇಸ್ ತೆಗೆದು ಒಳಗೆ ಹಳೆ ಪತ್ರಿಕೆ ತುರುಕಿ, ಗಂಟೆಗೊಮ್ಮೆ ಬದಲಿಸುತ್ತಾ, ಮಗ್ಗುಲಾಗಿ ಮಲಗಿಸಿ ಫ್ಯಾನಿನ ಗಾಳಿಗೆ ಇಡಬೇಕು. ಪೂರ್ತಿ ಒಣಗಲು ಎರಡು ದಿನ ಹಿಡಿಯುತ್ತದೆ, ಅಷ್ಟು ದಿನ ಅದನ್ನು ಹಾಕುವಂತಿಲ್ಲ. ಜೂನ್‌ನಲ್ಲಿ ಎತ್ತಿಡುವಾಗ ಒರೆಸಿ, ಕ್ರೀಮ್ ಹಚ್ಚಿ, ಬಟ್ಟೆ ಚೀಲದಲ್ಲಿ ಹಾಕಿ ಬೀರುವಿನ ಮೇಲಿನ ಅರೆಯಲ್ಲಿಡಿ. ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿದರೆ ಹೊರಬರುವುದು ಬೂಷ್ಟು ಹಿಡಿದ ಶೂ. ಹದಿನೈದು ದಿನಕ್ಕೊಮ್ಮೆ ತೆಗೆದು ಗಾಳಿಗಿಡಿ. ಬೂಷ್ಟು ಕಂಡರೆ ಮನೆಯ ಹೊರಗೆ ಒಣಬಟ್ಟೆಯಲ್ಲಿ ಒರೆಸಿ, ನೀರು ಬೆರೆಸಿದ ವಿನೆಗರ್ ಹಚ್ಚಿದ ಬಟ್ಟೆಯಿಂದ ಮತ್ತೊಮ್ಮೆ ಒರೆಸಿ, ನೆರಳಲ್ಲಿ ಒಣಗಿಸಿ ಕ್ರೀಮ್ ಹಚ್ಚಿದರೆ ಸಾಮಾನ್ಯವಾಗಿ ಹೋಗುತ್ತದೆ. ಈ ಕಾರಣಕ್ಕೇ ಚರ್ಮದ ಶೂವನ್ನು ಮೇ ತಿಂಗಳಲ್ಲಿ ಕೊಳ್ಳುವುದರಲ್ಲಿ ಅರ್ಥವಿಲ್ಲ. ಅಕ್ಟೋಬರ್ ಕೊನೆಯಲ್ಲಿ ಕೊಂಡರೆ ಮೊದಲ ಏಳು ತಿಂಗಳು ಅದು ಹೆಚ್ಚಾಗಿ ಒಣ ನೆಲದ ಮೇಲೇ ನಡೆಯುತ್ತದೆ.

ಕೊನೆಗೆ ಬೆಲೆ ಚೀಟಿಯ ಒಂದು ಮೂಲೆ. 2025ರ ಸೆಪ್ಟೆಂಬರ್ 22ರಿಂದ ಜೋಡಿಗೆ 2,500 ರೂಪಾಯಿವರೆಗಿನ ಪಾದರಕ್ಷೆಗೆ ಜಿಎಸ್‌ಟಿ 5%, ಅದರ ಮೇಲೆ 18%. ತೆರಿಗೆಗೆ ಮುಂಚೆ 2,490 ಇರುವ ಶೂ ಕೈಗೆ ಬರುವಾಗ ಸುಮಾರು 2,615. 2,510 ಇರುವುದು ಸುಮಾರು 2,962. ತೆರಿಗೆಗೆ ಮುಂಚಿನ 20 ರೂಪಾಯಿ ವ್ಯತ್ಯಾಸ ಬಿಲ್ಲಿನಲ್ಲಿ 347 ಆಗಿ ನಿಲ್ಲುತ್ತದೆ. ದಿನಕ್ಕೆ 12.79 ಉಳಿಸುವ ಚಿಕ್ಕಮಗಳೂರಿನವರಿಗೆ ಅದು 27 ದಿನದ ನಡಿಗೆ, 3.65 ಉಳಿಸುವ ಹಾಸನದವರಿಗೆ 95 ದಿನದ್ದು. 2,950 ದಾಟಿದ ಶೂ ಕೈಯಲ್ಲಿದ್ದರೆ, ಅದೇ ಹೊಲಿಗೆ ಅದೇ ಅಟ್ಟೆಯ ಇನ್ನೊಂದು 2,625ರ ಒಳಗೆ ಇದೆಯೇ ಎಂದು ಕೇಳಿ ನೋಡಿ. ಅಂಗಡಿಯವರು ರಿಯಾಯಿತಿ ಕೊಡುವ ಮನಸ್ಸಿನಲ್ಲಿದ್ದರೆ, ತೆರಿಗೆಗೆ ಮುಂಚಿನ ಬೆಲೆಯನ್ನೇ 2,500ಕ್ಕೆ ಇಳಿಸಲು ಕೇಳಿ.